ಗೊತ್ತಾದ ದಿನ ಮತ್ತು ತೀರ್ಮಾನದ ದಿನ

ಗಂಡನಿಗೋ ಹೆಂಡತಿಗೋ ಹೊರಗೆ ಇನ್ನೊಂದು ಸಂಬಂಧವಿದೆ ಎಂದು ಗೊತ್ತಾದ ಮನೆಯಲ್ಲಿ ಎರಡೇ ದಿನದಲ್ಲಿ ಎರಡು ಗುಂಪು ಹುಟ್ಟಿಕೊಳ್ಳುತ್ತವೆ. 'ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗು, ಎಲ್ಲರ ಮನೆ ದೋಸೆಯೂ ತೂತೇ' ಎನ್ನುವವರು ಒಂದು ಕಡೆ. 'ಇನ್ನು ಒಂದು ದಿನವೂ ಜೊತೆಗಿರಬೇಡ, ನಾಳೆಯೇ ವಕೀಲರನ್ನು ನೋಡೋಣ' ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಪ್ರೀತಿಯಿಂದಲೇ ಮಾತಾಡುತ್ತಿರುತ್ತಾರೆ. ಆದರೆ ಇಬ್ಬರೂ ಕೇಳುವುದು ಒಂದನ್ನೇ: ಈಗಲೇ ತೀರ್ಮಾನ ಮಾಡು. ನಿದ್ದೆಯಿಲ್ಲದೆ, ಊಟ ಸೇರದೆ ಕುಳಿತ ಮನುಷ್ಯನಿಂದ ಇಡೀ ಬದುಕಿನ ತೀರ್ಮಾನವನ್ನು ಕೇಳುವುದು ಅನ್ಯಾಯ. ಅದರ ಅಗತ್ಯವೂ ಇಲ್ಲ. ಆರು ತಿಂಗಳು ಯೋಚಿಸಿದರೆ ಕೂಡಿ ಬಾಳುವ ದಾರಿಯೂ ಮುಚ್ಚುವುದಿಲ್ಲ, ಬೇರೆಯಾಗುವ ದಾರಿಯೂ ಮುಚ್ಚುವುದಿಲ್ಲ. ಆ ಆರು ತಿಂಗಳನ್ನು ಹೇಗೆ ಬಳಸಬೇಕು ಎಂಬುದನ್ನು ವಿವರವಾಗಿ ತಿಳಿದುಕೊಳ್ಳಬೇಕು.

ವಿವರಿಸುವುದಕ್ಕಾಗಿ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ಯಾವುದೇ ಒಂದು ಮನೆಯ ಕಥೆಯಲ್ಲ. ದಾವಣಗೆರೆಯ ಒಬ್ಬ ಪ್ರೌಢಶಾಲಾ ಶಿಕ್ಷಕಿ, ವಯಸ್ಸು 38. ಗಂಡನಿಗೆ 43, ಬಿತ್ತನೆ ಬೀಜದ ಕಂಪನಿಯೊಂದರಲ್ಲಿ ಮಾರಾಟದ ಕೆಲಸ, ವಾರಕ್ಕೆ ಮೂರು ದಿನ ಟೂರ್. ಮದುವೆಯಾಗಿ 14 ವರ್ಷ. ಮಗಳಿಗೆ 12, ಮಗನಿಗೆ 7. ಮಗನ ಫೀಸು ಕಟ್ಟಲೆಂದು ಗಂಡನ ಫೋನ್ ತೆಗೆದುಕೊಂಡಾಗ ಯುಪಿಐ ಪಟ್ಟಿಯಲ್ಲಿ ಒಂದೇ ಹೆಸರಿಗೆ ಮತ್ತೆ ಮತ್ತೆ ಹಣ ಹೋಗಿರುವುದು, ಹಾವೇರಿಯ ಒಂದೇ ಲಾಡ್ಜಿಗೆ ಹಲವು ಸಲ ಪಾವತಿಯಾಗಿರುವುದು ಆಕೆಯ ಕಣ್ಣಿಗೆ ಬಿತ್ತು. ಕೇಳಿದರೆ ಮೊದಲು 'ಡೀಲರ್ ಕಡೆಯವರು' ಎಂದ. ರಾತ್ರಿ ಹೊತ್ತಿಗೆ ಒಪ್ಪಿಕೊಂಡ. ಇನ್ನೊಂದು ಶಾಖೆಯ ಸಹೋದ್ಯೋಗಿ, ಎಂಟು ತಿಂಗಳಿಂದ ಸಂಬಂಧ.

ಮೊದಲ ಎರಡು ವಾರ

ದಾಂಪತ್ಯ ದ್ರೋಹಕ್ಕೆ ಒಳಗಾದವರ ಚಿಕಿತ್ಸೆಯನ್ನು ದೀರ್ಘಕಾಲ ಅಭ್ಯಾಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೊನಾಲ್ಡ್ ಬಾಕಮ್, ಡಗ್ಲಸ್ ಸ್ನೈಡರ್ ಮತ್ತು ಕ್ರಿಸ್ಟಿನಾ ಗಾರ್ಡನ್ ಇದನ್ನು ಒಂದು ಆಘಾತವೆಂದೇ ನೋಡುತ್ತಾರೆ. ಅಪಘಾತದಿಂದ ಪಾರಾದವರಲ್ಲಿ ಕಾಣುವ ಲಕ್ಷಣಗಳೇ ಇಲ್ಲೂ ಕಾಣುತ್ತವೆ. ಬೇಡವೆಂದರೂ ದೃಶ್ಯಗಳು ಕಣ್ಣೆದುರು ಬರುವುದು, ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುವುದು, ಒಮ್ಮೆ ರೇಗಾಟ, ಮರುಗಳಿಗೆಯೇ ಏನೂ ಅನಿಸದ ಮರಗಟ್ಟುವಿಕೆ. ಅವರು ಹೇಳುವ ಕ್ರಮದಲ್ಲಿ ಮೂರು ಘಟ್ಟಗಳಿವೆ. ಮೊದಲು ಆಘಾತವನ್ನು ತಾಳಿಕೊಳ್ಳುವುದು, ನಂತರ ಇದು ಹೇಗೆ ಆಯಿತೆಂದು ಅರಿಯುವುದು, ಕೊನೆಯಲ್ಲಿ ಮುಂದಿನ ದಾರಿ ಆರಿಸುವುದು. ತೀರ್ಮಾನ ಮೂರನೆಯ ಘಟ್ಟದ ಕೆಲಸ. ನಮ್ಮ ಮನೆಗಳಲ್ಲಿ ಅದನ್ನೇ ಮೊದಲು ಮಾಡಲು ಹೊರಡುತ್ತೇವೆ.

ಮೊದಲ ಘಟ್ಟದಲ್ಲಿ ಆಗಬೇಕಾದ ಕೆಲಸಗಳು ಸಣ್ಣವು. ನಮ್ಮ ಶಿಕ್ಷಕಿ ಆ ರಾತ್ರಿಯೇ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಕೇಳಿದ್ದು ಎರಡೇ ಪ್ರಶ್ನೆ: 'ಅವರು ಕೈ ಮಾಡಿದ್ರೇನೇ? ಮಕ್ಕಳು ಮಲಗಿದಾವಾ?' ಹೊಡೆತ, ಬೆದರಿಕೆ ಇದ್ದರೆ ಈ ಲೇಖನದಲ್ಲಿ ಹೇಳುತ್ತಿರುವ ನಿಧಾನ ಯಾವುದೂ ಅನ್ವಯಿಸುವುದಿಲ್ಲ. ಆಗ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ ಸುರಕ್ಷಿತ ಜಾಗಕ್ಕೆ ಹೋಗುವುದೇ ಮೊದಲ ಕೆಲಸ. ಅಂಥ ಭಯವಿಲ್ಲದಿದ್ದರೆ ಮನೆ ಬಿಟ್ಟು ಓಡುವುದೂ ಬೇಡ, ಆತನ ಬಟ್ಟೆಬರೆ ಹೊರಗೆಸೆಯುವುದೂ ಬೇಡ. ಬೇರೆ ಬೇರೆ ಕೋಣೆಯಲ್ಲಿ ಮಲಗುವುದು, ಮಕ್ಕಳ ಎದುರು ಈ ಮಾತೆತ್ತದಿರುವುದು, ದಿನದಲ್ಲಿ ಒಂದು ಗಂಟೆ ಮಾತ್ರ ಇದರ ಬಗ್ಗೆ ಮಾತಾಡುವುದು ಎಂದು ಇಬ್ಬರೂ ಒಪ್ಪಿಕೊಂಡರೆ ಮನೆ ಹೇಗೋ ನಡೆಯುತ್ತದೆ.

ಎರಡನೆಯದು ಆರೋಗ್ಯ. ಇದನ್ನು ಕೇಳಲು ನಾಚಿಕೆ, ಹೇಳಲು ಸಂಕೋಚ. ಆದ್ದರಿಂದಲೇ ಬಹಳ ಜನ ಬಿಟ್ಟುಬಿಡುತ್ತಾರೆ. ಸಂಗಾತಿಗೆ ಬೇರೆ ದೈಹಿಕ ಸಂಬಂಧವಿತ್ತೆಂದಾದರೆ ಇಬ್ಬರೂ ಎಚ್‌ಐವಿ, ಸಿಫಿಲಿಸ್ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ವಿವರ ಗುಟ್ಟಾಗಿರುತ್ತದೆ. ಸೋಂಕು ತಗುಲಿದ ತಕ್ಷಣ ಪರೀಕ್ಷೆಯಲ್ಲಿ ಕಾಣದೆ ಇರಬಹುದು. ಆದ್ದರಿಂದ ಮೊದಲ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದರೂ ಕೊನೆಯ ಸಂಪರ್ಕವಾಗಿ ಮೂರು ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಮಾಡಿಸಬೇಕು. ನಿದ್ದೆ ಪೂರ್ತಿ ಕೆಟ್ಟಿದ್ದರೆ, ಬದುಕೇ ಬೇಡ ಎನಿಸುತ್ತಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮೂರನೆಯದು, ಯಾರಿಗೆ ಹೇಳಬೇಕು ಎನ್ನುವುದು. ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ ಹೇಳಿ. ಯಾರಿಗೂ ಹೇಳದಿದ್ದರೆ ಮನಸ್ಸು ಕುಸಿಯುತ್ತದೆ. ಇಡೀ ಬಳಗಕ್ಕೆ ಹೇಳಿದರೆ ತೀರ್ಮಾನ ನಿಮ್ಮ ಕೈ ತಪ್ಪುತ್ತದೆ. ಮುಂದೆ ನೀವು ಕ್ಷಮಿಸಿದರೂ ನಿಮ್ಮ ತಮ್ಮ, ಭಾವ, ಅತ್ತಿಗೆ ಕ್ಷಮಿಸದೆ ಹೋಗಬಹುದು. ಮನೆಯ ಪ್ರತಿ ಮದುವೆ, ನಾಮಕರಣದಲ್ಲೂ ಅದು ಅವರ ಮುಖದಲ್ಲಿ ಕಾಣುತ್ತದೆ. ಮಕ್ಕಳನ್ನಂತೂ ಸಾಕ್ಷಿಯನ್ನಾಗಿಯೋ ಗೂಢಚಾರರನ್ನಾಗಿಯೋ ಬಳಸಲೇಬಾರದು. ದೊಡ್ಡ ಮಕ್ಕಳಿಗೆ ಏನೋ ಆಗಿದೆಯೆಂದು ಗೊತ್ತಾಗಿಯೇ ಇರುತ್ತದೆ. 'ನಮ್ಮಿಬ್ಬರ ನಡುವೆ ಒಂದು ಸಮಸ್ಯೆ ಬಂದಿದೆ, ನಾವೇ ಸರಿಮಾಡಿಕೊಳ್ಳಲು ನೋಡುತ್ತಿದ್ದೇವೆ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ' ಎಂದರೆ ಸಾಕು.

ಎಷ್ಟು ತಿಳಿಯಬೇಕು?

ಎರಡನೆಯ ಘಟ್ಟ ನಿಜ ತಿಳಿಯುವುದು. ಇಲ್ಲಿ ದ್ರೋಹ ಮಾಡಿದವರು ಸಾಮಾನ್ಯವಾಗಿ ಒಂದೇ ತಪ್ಪು ಮಾಡುತ್ತಾರೆ. ಸಿಕ್ಕಿಬಿದ್ದಷ್ಟನ್ನು ಮಾತ್ರ ಒಪ್ಪಿಕೊಳ್ಳುತ್ತಾರೆ. ಮೊದಲ ದಿನ 'ಬರೀ ಮಾತುಕತೆ', ಒಂದು ವಾರದ ನಂತರ 'ಒಂದೇ ಸಲ', ಇನ್ನೆರಡು ವಾರ ಕಳೆದ ಮೇಲೆ 'ನಾಲ್ಕೈದು ಸಲ'. ಹೆಂಡತಿಗೆ ನೋವಾಗದಿರಲೆಂದು ಹೀಗೆ ಮಾಡಿದೆ ಎನ್ನುತ್ತಾರೆ. ಆದರೆ ಪ್ರತಿ ಹೊಸ ಸಂಗತಿ ಹೊರಬಿದ್ದಾಗಲೂ ಮೊದಲ ದಿನದ ಆಘಾತ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಸಂಬಂಧವನ್ನು ಕ್ಷಮಿಸಿದ ಹಲವರು ಈ ಕಂತಿನ ಸುಳ್ಳುಗಳನ್ನು ಕ್ಷಮಿಸಲಾರದೆ ಬೇರೆಯಾಗುತ್ತಾರೆ.

ಆದ್ದರಿಂದ ಹೇಳುವುದನ್ನೆಲ್ಲ ಒಂದೇ ಬೈಠಕ್ಕಿನಲ್ಲಿ ಹೇಳುವುದು ಒಳ್ಳೆಯದು. ಸಾಧ್ಯವಾದರೆ ಆಪ್ತಸಮಾಲೋಚಕರ ಎದುರು ಕುಳಿತು. ಕೇಳುವವರು ಪ್ರಶ್ನೆಗಳನ್ನು ಬರೆದುಕೊಂಡು, ಎರಡು ದಿನ ಬಿಟ್ಟು ಮತ್ತೆ ಓದಿ, ಉಳಿದವನ್ನು ಮಾತ್ರ ಕೇಳಬೇಕು. ತೀರ್ಮಾನಕ್ಕೆ ಬೇಕಾದ ಪ್ರಶ್ನೆಗಳು ಇವು: ಯಾವಾಗ ಶುರುವಾಯಿತು, ಈಗಲೂ ನಡೆಯುತ್ತಿದೆಯೇ, ದೈಹಿಕ ಸಂಬಂಧವಿತ್ತೇ, ಎಷ್ಟು ಹಣ ಹೋಗಿದೆ, ಸಾಲವೇನಾದರೂ ಇದೆಯೇ, ಇನ್ಯಾರಿಗೆ ಗೊತ್ತು, ಇದಕ್ಕೆ ಮೊದಲೂ ಇಂಥದ್ದು ಆಗಿತ್ತೇ. 'ಅವಳು ನನಗಿಂತ ಚೆನ್ನಾಗಿದ್ದಾಳಾ, ಅಲ್ಲಿ ಏನೇನು ಮಾಡಿದಿರಿ' ಎಂಬ ಪ್ರಶ್ನೆಗಳು ಬಾಯಿಗೆ ಬರುವುದು ಸಹಜ. ಅವುಗಳ ಉತ್ತರ ತೀರ್ಮಾನಕ್ಕೆ ನೆರವಾಗುವುದಿಲ್ಲ, ರಾತ್ರಿ ಕಣ್ಣೆದುರು ಬರುವ ದೃಶ್ಯಗಳನ್ನು ಮಾತ್ರ ಹೆಚ್ಚಿಸುತ್ತದೆ.

ಈ ಸಂಬಂಧ ಹೇಗೆ ಬೆಳೆಯಿತು ಎಂದು ಅರಿಯಲು ಶರ್ಲಿ ಗ್ಲಾಸ್ ಎಂಬ ಮನಶ್ಶಾಸ್ತ್ರಜ್ಞೆ 2003ರ ತಮ್ಮ ಪುಸ್ತಕದಲ್ಲಿ ಕೊಟ್ಟ ಹೋಲಿಕೆ ಉಪಯುಕ್ತ. ಸರಿಯಾದ ದಾಂಪತ್ಯದಲ್ಲಿ ಗಂಡ ಹೆಂಡಿರ ನಡುವೆ ಕಿಟಕಿ ಇರುತ್ತದೆ, ಹೊರಗಿನವರ ಕಡೆಗೆ ಗೋಡೆ ಇರುತ್ತದೆ. ಮನೆಯ ಅತೃಪ್ತಿಯನ್ನು ಸಹೋದ್ಯೋಗಿಯ ಹತ್ತಿರ ಹೇಳಿಕೊಂಡ ದಿನ ಅಲ್ಲೊಂದು ಕಿಟಕಿ ತೆರೆಯಿತು. ಆ ಮಾತುಕತೆಯನ್ನು ಹೆಂಡತಿಯಿಂದ ಮುಚ್ಚಿಟ್ಟ ದಿನ ಮನೆಯೊಳಗೆ ಗೋಡೆ ಎದ್ದಿತು. ಒಳ್ಳೆಯ ದಾಂಪತ್ಯವಿದ್ದವರೂ ಹೀಗೆ ಜಾರುತ್ತಾರೆ ಎಂದು ಗ್ಲಾಸ್ ತಮ್ಮ ಅನುಭವದಿಂದ ಹೇಳಿದ್ದರು. 'ನನ್ನಲ್ಲಿ ಏನೋ ಕಡಿಮೆ ಇತ್ತು, ಅದಕ್ಕೇ ಹೀಗಾಯಿತು' ಎಂದು ಕೊರಗುವವರು ಈ ಮಾತನ್ನು ಗಮನಿಸಬೇಕು. ದಾಂಪತ್ಯದ ಕೊರತೆಗಳಲ್ಲಿ ಇಬ್ಬರಿಗೂ ಪಾಲಿರಬಹುದು. ಆ ಕೊರತೆಗೆ ಮಾತು, ಜಗಳ, ಸಮಾಲೋಚನೆ, ಕಡೆಗೆ ವಿಚ್ಛೇದನ ಎಂಬ ದಾರಿಗಳೆಲ್ಲ ಇದ್ದಾಗ ಕದ್ದು ನಡೆಯುವುದನ್ನು ಆರಿಸಿಕೊಂಡವರು ಒಬ್ಬರೇ. ಅದರ ಹೊಣೆ ಅವರೊಬ್ಬರದೇ.

ನಿಜ ತಿಳಿಯುವ ಹಂಬಲದಲ್ಲಿ ಕಾನೂನು ಮೀರಬೇಡಿ. ಸಂಗಾತಿಯ ಫೋನಿಗೆ ಗೊತ್ತಾಗದಂತೆ ಬೇಹುಗಾರಿಕೆ ಆ್ಯಪ್ ಹಾಕುವುದು, ಅವರ ಖಾತೆಗೆ ಅನುಮತಿಯಿಲ್ಲದೆ ನುಗ್ಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅಪರಾಧವಾಗಬಹುದು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಗಂಡ ಹೆಂಡಿರ ನಡುವೆ ಗುಟ್ಟಾಗಿ ಧ್ವನಿಮುದ್ರಿಸಿದ ಮಾತುಕತೆಯನ್ನು ವಿಚ್ಛೇದನ ಪ್ರಕರಣದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದು ಹೇಳಿದೆ. ಅದರಿಂದ ಬೇಹುಗಾರಿಕೆ ಆ್ಯಪ್‌ಗೆ ಪರವಾನಗಿ ಸಿಕ್ಕಿತೆಂದು ತಿಳಿಯಬಾರದು. ಈಗಾಗಲೇ ನಿಮಗೆ ಕಂಡಿರುವ ಸಂದೇಶ, ಜಂಟಿ ಖಾತೆಯ ಬ್ಯಾಂಕ್ ಪಟ್ಟಿ ಇವುಗಳನ್ನು ಅಳಿಸದೆ ಇಟ್ಟುಕೊಂಡರೆ ಸಾಕು.

ಮೂರು ದಾರಿ

ದಂಪತಿ ಸಮಾಲೋಚಕರ ಹತ್ತಿರ ಹೋದವರಲ್ಲಿ ಒಬ್ಬರು ಮದುವೆ ಉಳಿಸಿಕೊಳ್ಳಲು ಬಂದಿರುತ್ತಾರೆ, ಇನ್ನೊಬ್ಬರು ಮನಸ್ಸಿನಲ್ಲೇ ಬಿಡಲು ತಯಾರಾಗಿರುತ್ತಾರೆ. ಆಗ ನೇರವಾಗಿ ದಾಂಪತ್ಯ ಸರಿಪಡಿಸುವ ಚಿಕಿತ್ಸೆ ಶುರು ಮಾಡಿದರೆ ಅದು ಎರಡು ಮೂರು ಭೇಟಿಗೇ ನಿಂತುಹೋಗುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ವಿಲಿಯಂ ಡೊಹರ್ಟಿ ಇದಕ್ಕಾಗಿ ಬೇರೆಯದೇ ಒಂದು ಕ್ರಮ ರೂಪಿಸಿದರು. ಹೆಚ್ಚೆಂದರೆ ಐದು ಭೇಟಿ. ಬಹುಪಾಲು ಸಮಯ ಸಮಾಲೋಚಕರು ಒಬ್ಬೊಬ್ಬರ ಜೊತೆ ಪ್ರತ್ಯೇಕವಾಗಿ ಮಾತಾಡುತ್ತಾರೆ. ದಾಂಪತ್ಯವನ್ನು ಸರಿಪಡಿಸುವುದು ಆ ಭೇಟಿಗಳ ಉದ್ದೇಶವೇ ಅಲ್ಲ. ಸರಿಪಡಿಸಲು ಪ್ರಯತ್ನಿಸಬೇಕೇ ಎಂದು ನಿರ್ಧರಿಸುವುದಷ್ಟೇ ಉದ್ದೇಶ.

ಅವರು ಮುಂದಿಡುವ ದಾರಿಗಳು ಮೂರು. ಒಂದು, ಸದ್ಯಕ್ಕೆ ಇದ್ದ ಹಾಗೇ ಇರುವುದು. ಎರಡು, ಬೇರೆಯಾಗುವುದು. ಮೂರು, ಆರು ತಿಂಗಳ ಕಾಲ ವಿಚ್ಛೇದನದ ಮಾತನ್ನು ಬದಿಗಿಟ್ಟು ಇಬ್ಬರೂ ಪೂರ್ತಿ ಮನಸ್ಸಿನಿಂದ ಪ್ರಯತ್ನಿಸುವುದು, ಆರು ತಿಂಗಳು ಮುಗಿದ ಮೇಲೆ ತೀರ್ಮಾನಿಸುವುದು. ಇದರ ಬೆಲೆ ಇರುವುದು ಮೂರನೆಯ ದಾರಿಯಲ್ಲಿ. 'ಇನ್ನು ಜೀವನಪೂರ್ತಿ ಇವನ ಜೊತೆ ಇರುತ್ತೀಯಾ' ಎಂಬ ಪ್ರಶ್ನೆಗೆ ಗಾಯಗೊಂಡ ಮನಸ್ಸು ಉತ್ತರಿಸಲಾರದು. 'ಆರು ತಿಂಗಳು ಪ್ರಯತ್ನಿಸಿ ನೋಡುತ್ತೀಯಾ' ಎಂಬುದಕ್ಕೆ ಉತ್ತರಿಸಬಲ್ಲದು.

ಇದಕ್ಕೆ ಒಂದು ಷರತ್ತಿದೆ. ಹೊರಗಿನ ಸಂಬಂಧ ಪೂರ್ತಿ ಮುಗಿದಿರಬೇಕು. ಅದು ನಡೆಯುತ್ತಿರುವಾಗಲೇ ಮೂರನೆಯ ದಾರಿ ಹಿಡಿದರೆ ಆರು ತಿಂಗಳು ವ್ಯರ್ಥ. 'ಅವಳಿಗೆ ನಿಧಾನವಾಗಿ ತಿಳಿಸಿ ಬಿಡುತ್ತೇನೆ, ಒಮ್ಮೆಲೇ ಬಿಟ್ಟರೆ ಅವಳು ಏನಾದರೂ ಮಾಡಿಕೊಂಡಾಳು' ಎನ್ನುವವರು ಇನ್ನೂ ಬಿಟ್ಟಿಲ್ಲ ಎಂದೇ ಲೆಕ್ಕ.

ಕರ್ನಾಟಕದ ಎಲ್ಲ ಊರಲ್ಲೂ ಇಂಥ ತರಬೇತಿ ಪಡೆದವರು ಸಿಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮತ್ತು ದಾಂಪತ್ಯ ಸಮಸ್ಯೆಗಳಿಗೆ ಪ್ರತ್ಯೇಕ ಸೇವೆ ಇದೆ. ಜಿಲ್ಲಾ ಆಸ್ಪತ್ರೆಗಳ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಬಹುದು. ಸಮಾಲೋಚಕರನ್ನು ಆರಿಸುವಾಗ ಮೊದಲ ಭೇಟಿಯಲ್ಲೇ ಒಂದು ಮಾತು ಕೇಳಿ: 'ನಾವು ಬೇರೆಯಾಗಲು ತೀರ್ಮಾನಿಸಿದರೆ ಅದಕ್ಕೂ ನೀವು ನೆರವಾಗುತ್ತೀರಾ?' ಏನೇ ಆಗಲಿ ಮದುವೆ ಉಳಿಯಲೇಬೇಕು ಎನ್ನುವವರು, ಅಥವಾ ನಿಮ್ಮ ಕಥೆ ಅರ್ಧ ಕೇಳುವಷ್ಟರಲ್ಲೇ ಬಿಟ್ಟುಬಿಡಿ ಎನ್ನುವವರು, ಈ ಕೆಲಸಕ್ಕೆ ಸಲ್ಲರು.

ನಮ್ಮ ಶಿಕ್ಷಕಿ ಮೂರನೆಯ ವಾರ ಗಂಡನಿಗೆ ಹೇಳಿದಳು: 'ರೀ, ನಾನು ಕ್ಷಮಿಸಿದೀನಿ ಅಂತ ತಿಳ್ಕೋಬೇಡಿ. ಬಿಟ್ಟು ಹೋಗ್ತೀನಿ ಅಂತಾನೂ ಹೇಳ್ತಿಲ್ಲ. ಆರು ತಿಂಗಳು ನೋಡ್ತೀನಿ.' ಅದೇ ಮಾತನ್ನು ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಇಬ್ಬರೂ ಸಹಿ ಮಾಡಿದರು.

ಆರು ತಿಂಗಳಲ್ಲಿ ನೋಡಬೇಕಾದದ್ದು

ಕಣ್ಣೀರು, ದೇವರ ಮುಂದೆ ಆಣೆ, ಹೊಸ ಸೀರೆ, ಮಕ್ಕಳ ತಲೆ ಮುಟ್ಟಿ ಮಾಡಿದ ಪ್ರಮಾಣ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸಿಕ್ಕಿಬಿದ್ದ ನಾಚಿಕೆಯಲ್ಲೂ ಇವೆಲ್ಲ ಬರುತ್ತವೆ. ನೋಡಬೇಕಾದದ್ದು ನಡತೆಯನ್ನು, ಅದೂ ಮೊದಲ ತಿಂಗಳಿನದ್ದಲ್ಲ, ನಾಲ್ಕನೆಯ ತಿಂಗಳಿನದ್ದು.

ಮೊದಲನೆಯದು, ಕೇಳದೆ ಹೇಳುತ್ತಾರೆಯೇ? ಫೋನ್ ತೆರೆದಿಡುವುದು, ಟೂರ್ ಹೋದಾಗ ಎಲ್ಲಿದ್ದೇನೆಂದು ತಿಳಿಸುವುದು, ಹಣದ ಲೆಕ್ಕ ತೋರಿಸುವುದು ಶುರುವಿನಲ್ಲಿ ನಿಮ್ಮ ಒತ್ತಾಯಕ್ಕೆ ನಡೆಯಬಹುದು. ಸ್ವಲ್ಪ ಕಾಲದ ನಂತರ ತಾವಾಗಿಯೇ ಮಾಡಿದರೆ ವಿಶ್ವಾಸ ಮರಳುತ್ತದೆ. ಪ್ರತಿದಿನ ನೀವೇ ತನಿಖೆ ಮಾಡಬೇಕಾಗಿ ಬಂದರೆ ಅದು ದಾಂಪತ್ಯವಾಗಿ ಉಳಿಯುವುದಿಲ್ಲ, ನೀವೂ ಮನೆಯೊಳಗಿನ ಪೊಲೀಸರಾಗಿಬಿಡುತ್ತೀರಿ.

ಎರಡನೆಯದು, ನಿಮ್ಮ ನೋವನ್ನು ತಾಳಿಕೊಳ್ಳುತ್ತಾರೆಯೇ? ಐದನೆಯ ತಿಂಗಳಲ್ಲಿ ಯಾವುದೋ ಲಾಡ್ಜಿನ ಹೆಸರು ಕಿವಿಗೆ ಬಿದ್ದು ನೀವು ಅತ್ತರೆ, 'ಇನ್ನೂ ಎಷ್ಟು ದಿನ ಇದನ್ನೇ ಹೇಳ್ತೀಯ, ಮುಗಿದು ಹೋದದ್ದಲ್ವಾ' ಎನ್ನುತ್ತಾರೋ, ಸುಮ್ಮನೆ ಪಕ್ಕದಲ್ಲಿ ಕೂರುತ್ತಾರೋ? ಇಂಥ ಗಾಯ ಮಾಯಲು ಆರು ತಿಂಗಳು ಸಾಲದು. ಎರಡು ವರ್ಷ ಹಿಡಿದರೂ ಅದು ಅಸಹಜವಲ್ಲ. ಆರು ತಿಂಗಳಲ್ಲಿ ನಿಮ್ಮ ನೋವು ಪೂರ್ತಿ ಹೋಗಲಿ ಎಂದು ಕಾಯಬೇಡಿ. ನೋವಿನ ಜೊತೆ ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ನೋಡಿ.

ಮೂರನೆಯದು, ತಾನು ಏಕೆ ಹಾಗೆ ಮಾಡಿದೆ ಎಂಬುದಕ್ಕೆ ಅವರ ಉತ್ತರ ಬದಲಾಗಿದೆಯೇ? 'ನೀನು ಮಕ್ಕಳು, ಶಾಲೆ ಅಂತಲೇ ಇರ್ತಿದ್ದೆ' ಎಂಬಲ್ಲೇ ನಿಂತಿದ್ದರೆ ಮುಂದೆ ಮತ್ತೆ ಅಂಥ ಸಂದರ್ಭ ಬಂದಾಗ ಅದೇ ಕಾರಣ ಸಿದ್ಧವಾಗಿರುತ್ತದೆ. 'ನನಗೆ ಯಾರೋ ಹೊಗಳಿದ್ದು ಬೇಕಾಗಿತ್ತು, ಮನೆಯಲ್ಲಿ ಹೇಳಿಕೊಳ್ಳೋ ಧೈರ್ಯ ಇರಲಿಲ್ಲ' ಎಂಬಲ್ಲಿಗೆ ಬಂದಿದ್ದರೆ ಒಳಗೆ ಏನೋ ನಡೆದಿದೆ.

ನಾಲ್ಕನೆಯದು ನಿಮ್ಮ ಬಗ್ಗೆ. ನಿಮಗೆ ಅವರ ಜೊತೆ ಇರಲು ಮನಸ್ಸಿದೆಯೇ? ಅವರು ಎಲ್ಲವನ್ನೂ ಸರಿಯಾಗಿ ಮಾಡಿದರೂ ನಿಮ್ಮೊಳಗೆ ಪ್ರೀತಿ ಮರಳದೆ ಇರಬಹುದು. ಪಶ್ಚಾತ್ತಾಪಪಟ್ಟವರನ್ನು ಬಿಡುವುದು ಪಾಪವಲ್ಲ. ಹಾಗೆಯೇ ದ್ರೋಹ ಮಾಡಿದವರ ಜೊತೆ ಉಳಿಯುವುದು ಆತ್ಮಗೌರವವಿಲ್ಲದ ಲಕ್ಷಣವೂ ಅಲ್ಲ.

ನಮ್ಮ ಉದಾಹರಣೆಯಲ್ಲಿ ನಾಲ್ಕನೆಯ ತಿಂಗಳು ಒಂದು ಘಟನೆ ನಡೆಯಿತು. ಆ ಸಹೋದ್ಯೋಗಿ ಹೊಸ ನಂಬರಿನಿಂದ ಗಂಡನಿಗೆ ಕರೆ ಮಾಡಿದಳು. ಆತ ಎರಡು ನಿಮಿಷ ಮಾತಾಡಿದ, 'ಇನ್ನು ಕರೆ ಮಾಡಬೇಡಿ' ಎಂದ. ಅವತ್ತು ರಾತ್ರಿ ಮನೆಗೆ ಬಂದವನೇ ಹೆಂಡತಿಗೆ ಹೇಳಿದ. ಕೇಳಿ ಆಕೆ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ, ಎರಡು ದಿನ ಮಾತಾಡಲಿಲ್ಲ. ಆದರೆ ಮೂರನೆಯ ದಿನ ಆಕೆಗೆ ಒಂದು ಹೊಳೆಯಿತು: ಈ ಸಲ ತಾನು ಕಂಡುಹಿಡಿಯಬೇಕಾಗಿ ಬರಲಿಲ್ಲ. ಆತ ವರ್ಗಾವಣೆ ಕೇಳಿ ಅರ್ಜಿಯನ್ನೂ ಹಾಕಿದ. ಆರನೆಯ ತಿಂಗಳ ಕೊನೆಯಲ್ಲಿ ಆಕೆ ಉಳಿಯುವ ತೀರ್ಮಾನ ಮಾಡಿದಳು. ಅದೇ ಎರಡು ನಿಮಿಷದ ಕರೆಯನ್ನು ಆತ ಅಳಿಸಿ ಸುಮ್ಮನಿದ್ದು, ತಿಂಗಳ ನಂತರ ಆಕೆಯೇ ಕಂಡುಹಿಡಿದಿದ್ದರೆ, ಕರೆ ಎಷ್ಟೇ ನಿರುಪದ್ರವಿಯಾಗಿದ್ದರೂ ಬೇರೆಯಾಗುವ ತೀರ್ಮಾನವೇ ಸರಿಯಾಗುತ್ತಿತ್ತು. ಘಟನೆ ಒಂದೇ, ಯಾರು ಮೊದಲು ಹೇಳಿದರು ಎಂಬುದರ ಮೇಲೆ ಅರ್ಥ ಬೇರೆಯಾಗುತ್ತದೆ.

ಕಾದರೆ ಕಾನೂನಿನ ಹಕ್ಕು ಹೋಗುತ್ತದೆಯೇ?

ಬಹಳ ಜನ ಅವಸರ ಮಾಡುವುದು ಈ ಭಯದಿಂದ. ಇಲ್ಲಿ 1955ರ ಹಿಂದೂ ವಿವಾಹ ಕಾಯ್ದೆಯ ಮಾತಷ್ಟೇ ಹೇಳುತ್ತೇನೆ. ಬೇರೆ ಧರ್ಮದ ವಿವಾಹ ಕಾನೂನುಗಳಲ್ಲಿ ವಿವರಗಳು ಬೇರೆಯಾಗಿವೆ.

2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 497ನೇ ಸೆಕ್ಷನ್ನನ್ನು ರದ್ದು ಮಾಡಿತು. ಹಾಗಾಗಿ ಇದಕ್ಕಾಗಿ ಪೊಲೀಸರಿಗೆ ದೂರು ಕೊಟ್ಟು ಜೈಲಿಗೆ ಕಳಿಸಲಾಗದು. ಆದರೆ ವಿಚ್ಛೇದನಕ್ಕೆ ಅದು ಇಂದಿಗೂ ಕಾರಣವೇ. ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮದುವೆಯ ನಂತರ ಬೇರೆಯವರ ಜೊತೆ ಸ್ವಇಚ್ಛೆಯಿಂದ ಒಮ್ಮೆ ದೈಹಿಕ ಸಂಬಂಧ ನಡೆದಿದ್ದರೂ ಅರ್ಜಿ ಹಾಕಬಹುದು.

23ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ. ಅರ್ಜಿ ಹಾಕಿದವರು ಆ ತಪ್ಪನ್ನು ಮನ್ನಿಸಿರಬಾರದು. ಮನ್ನಿಸುವುದೆಂದರೆ ಏನೆಂದು ಸುಪ್ರೀಂ ಕೋರ್ಟ್ 1975ರ ದಾಸ್ತಾನೆ ಪ್ರಕರಣದಲ್ಲಿ ವಿವರಿಸಿತು. ತಪ್ಪನ್ನು ಕ್ಷಮಿಸುವುದು, ಮತ್ತು ತಪ್ಪು ಮಾಡಿದವರನ್ನು ಮೊದಲಿನ ಸ್ಥಾನಕ್ಕೆ ಮರಳಿ ತರುವುದು, ಎರಡೂ ಇರಬೇಕು. ಒಂದೇ ಸೂರಿನಡಿ ಬೇರೆ ಕೋಣೆಯಲ್ಲಿ ಇದ್ದು ಯೋಚಿಸುವುದು ಮನ್ನಿಸಿದಂತೆ ಆಗುವುದಿಲ್ಲ. ಎಲ್ಲ ತಿಳಿದ ಮೇಲೆ ಮತ್ತೆ ಗಂಡ ಹೆಂಡಿರಾಗಿ ಬಾಳತೊಡಗಿದರೆ ಕೋರ್ಟು ಮನ್ನಿಸಿದ್ದಾರೆ ಎಂದು ತಿಳಿಯುವ ಸಾಧ್ಯತೆ ಇದೆ. ಹಾಗೆ ಮನ್ನಿಸಿದ್ದೂ ಷರತ್ತಿನ ಮೇಲೆಯೇ. ತಪ್ಪು ಮತ್ತೆ ನಡೆದರೆ ಹಳೆಯ ಕಾರಣಕ್ಕೂ ಜೀವ ಬರುತ್ತದೆ. ನಮ್ಮ ಶಿಕ್ಷಕಿ 'ಕ್ಷಮಿಸಿಲ್ಲ, ಯೋಚಿಸುತ್ತಿದ್ದೇನೆ' ಎಂದು ತಾರೀಖು ಹಾಕಿ ಬರೆದಿಟ್ಟ ಹಾಳೆ ಈ ಕಾರಣಕ್ಕೂ ಉಪಯೋಗಕ್ಕೆ ಬರುತ್ತದೆ. ಆರು ತಿಂಗಳು ಶುರುವಾಗುವ ಮೊದಲು ಒಮ್ಮೆ ವಕೀಲರನ್ನು ಕಂಡು ಬರುವುದರಲ್ಲಿ ತಪ್ಪೇನಿಲ್ಲ. ಕೇಸು ಹಾಕಲೆಂದಲ್ಲ, ತನ್ನ ನೆಲೆ ಏನೆಂದು ತಿಳಿಯಲು. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ. ಸಹಾಯವಾಣಿ 15100.

ದ್ರೋಹಕ್ಕೆ ಒಳಗಾದವರು ಗಂಡಸಾದಾಗ ಒಂದು ಅನುಮಾನ ಬೇಗ ತಲೆ ಎತ್ತುತ್ತದೆ: ಮಗು ನನ್ನದೇನಾ? 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಹೆಂಡತಿಯ ವ್ಯಭಿಚಾರ ಸಾಬೀತು ಮಾಡಲೆಂದು ಮಗುವಿನ ಡಿಎನ್‌ಎ ಪರೀಕ್ಷೆಯನ್ನು ಸಲೀಸಾಗಿ ಆದೇಶಿಸುವಂತಿಲ್ಲ ಎಂದು ಹೇಳಿದೆ. ದೊಡ್ಡವರ ಜಗಳದಲ್ಲಿ ಮಗುವನ್ನು ಸಾಕ್ಷ್ಯವಾಗಿ ನಿಲ್ಲಿಸಬಾರದು ಎಂಬುದು ಅದರ ಸಾರ. ಮನೆಯಲ್ಲೂ ಅದು ಪಾಲಿಸಬೇಕಾದ ಮಾತು.

ಬೇರೆಯಾಗುವುದಾದರೆ

ವ್ಯಭಿಚಾರವನ್ನು ಕೋರ್ಟಿನಲ್ಲಿ ಸಾಬೀತು ಮಾಡಲು ಹೊರಟರೆ ಲಾಡ್ಜಿನ ದಾಖಲೆ, ಸಾಕ್ಷಿ, ಪಾಟೀಸವಾಲು ಎಂದು ವರ್ಷಗಳು ಹಿಡಿಯಬಹುದು. ನೋವಿನ ವಿವರವೆಲ್ಲ ಕಡತಕ್ಕೆ ಸೇರುತ್ತದೆ. ಇಬ್ಬರೂ ಒಪ್ಪಿದರೆ 13ಬಿ ಸೆಕ್ಷನ್ನಿನ ಪರಸ್ಪರ ಒಪ್ಪಿಗೆಯ ವಿಚ್ಛೇದನ ಎಷ್ಟೋ ಮೇಲು. ಅಲ್ಲಿ ಯಾರ ತಪ್ಪನ್ನೂ ಸಾಬೀತು ಮಾಡಬೇಕಿಲ್ಲ.

ಅದಕ್ಕೆ ಕನಿಷ್ಠ ಒಂದು ವರ್ಷ ಬೇರೆ ಬೇರೆಯಾಗಿ ಬಾಳಿರಬೇಕು. ಒಂದೇ ಮನೆಯಲ್ಲಿದ್ದೂ ಗಂಡ ಹೆಂಡಿರಂತೆ ಬಾಳದಿದ್ದರೆ ಅದೂ ಬೇರೆ ಬಾಳಿದಂತೆಯೇ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಜಂಟಿ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಳೆದು, 18 ತಿಂಗಳೊಳಗೆ ಮತ್ತೆ ಹೋಗಿ ಒಪ್ಪಿಗೆಯನ್ನು ದೃಢಪಡಿಸಬೇಕು. ಆ ಅವಧಿಯಲ್ಲಿ ಒಬ್ಬರು ಮನಸ್ಸು ಬದಲಿಸಿ ಒಪ್ಪಿಗೆ ಹಿಂತೆಗೆದುಕೊಂಡರೆ ಅರ್ಜಿ ಅಲ್ಲಿಗೆ ನಿಲ್ಲುತ್ತದೆ. ಬೇರೆಯಾಗಿ ಸಾಕಷ್ಟು ಕಾಲವಾಗಿದ್ದು, ಮಕ್ಕಳು, ಜೀವನಾಂಶ ಎಲ್ಲವೂ ಇತ್ಯರ್ಥವಾಗಿದ್ದರೆ ಈ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಮನ್ನಾ ಮಾಡಬಹುದು ಎಂದು 2017ರ ತೀರ್ಪು ಹೇಳುತ್ತದೆ.

ಆದ್ದರಿಂದ ಅರ್ಜಿಗೆ ಮೊದಲೇ ಕುಳಿತು ಬರೆದುಕೊಳ್ಳಬೇಕಾದವು ನಾಲ್ಕು: ಮಕ್ಕಳು ಯಾರ ಹತ್ತಿರ ಇರುತ್ತಾರೆ ಮತ್ತು ಇನ್ನೊಬ್ಬರು ಯಾವಾಗ ಭೇಟಿ ಮಾಡುತ್ತಾರೆ, ಅವರ ಓದಿನ ಖರ್ಚು ಯಾರದು, ಮನೆ ಮತ್ತು ಸಾಲ ಯಾರ ಪಾಲಿಗೆ, ಜೀವನಾಂಶ ಎಷ್ಟು. ಇಲ್ಲೊಂದು ಅಪಾಯವಿದೆ. ದ್ರೋಹಕ್ಕೆ ಒಳಗಾದವರು 'ನನಗೆ ಅವನ ಒಂದು ರೂಪಾಯಿಯೂ ಬೇಡ' ಎಂದು ಸಿಟ್ಟಿನಲ್ಲಿ ಬಿಟ್ಟುಕೊಡುತ್ತಾರೆ. ದ್ರೋಹ ಮಾಡಿದವರು ಅಪರಾಧ ಭಾವದಲ್ಲಿ ತಾವು ಕೊಡಲಾರದಷ್ಟಕ್ಕೆ ಒಪ್ಪಿ, ಮುಂದೆ ಕೊಡದೆ ನಿಲ್ಲಿಸುತ್ತಾರೆ. ಎರಡರಿಂದಲೂ ಕಷ್ಟಪಡುವವರು ಮಕ್ಕಳು. ಬೆಂಗಳೂರಿನ ನ್ಯಾಯದೇಗುಲದಲ್ಲಿರುವ ಮಧ್ಯಸ್ಥಿಕೆ ಕೇಂದ್ರದಂಥ ಕಡೆ ಮೂರನೆಯವರ ಎದುರು ಕುಳಿತು ಲೆಕ್ಕ ಹಾಕುವುದು ಈ ಅಪಾಯವನ್ನು ಕಡಿಮೆ ಮಾಡುತ್ತದೆ.

ಮನೆಯ ಹಿರಿಯರಿಗೂ ಒಂದು ಮಾತು. ಮಗಳೋ ಮಗನೋ ಇಂಥ ಸುದ್ದಿ ಹೊತ್ತು ಬಂದಾಗ ಪಂಚಾಯಿತಿ ಸೇರಿಸಬೇಡಿ. ಊಟ ಮಾಡಿಸಿ, ಮಲಗಿಸಿ, ಮಕ್ಕಳನ್ನು ನೋಡಿಕೊಳ್ಳಿ, ಆಸ್ಪತ್ರೆಗೋ ಸಮಾಲೋಚಕರ ಹತ್ತಿರಕ್ಕೋ ಜೊತೆಗೆ ಹೋಗಿ. ಉಳಿದರೂ ಬಿಟ್ಟರೂ ನಿನ್ನ ಜೊತೆ ಇರುತ್ತೇವೆ ಎಂದು ಹೇಳಿ. ಆ ಭರವಸೆ ಇದ್ದವರು ಭಯದಿಂದ ಉಳಿಯುವುದಿಲ್ಲ, ಸಿಟ್ಟಿನಿಂದ ಬಿಡುವುದೂ ಇಲ್ಲ. ತೀರ್ಮಾನ ಯಾವುದೇ ಆಗಲಿ, ಅದನ್ನು ಬದುಕಬೇಕಾದವರೇ ಮಾಡಲಿ, ನಿಜವನ್ನೆಲ್ಲ ತಿಳಿದ ಮೇಲೆ ಮಾಡಲಿ.